ಲೇಖಕಿಯ ಜೀವನ ಪರಿಚಯ: ಅಚ್ಚಿಗೆ ಕಳಿಸುವ ಮೊದಲಿನ ಪರಿಶೀಲನಾ ಪಟ್ಟಿ

ಈ ಪಟ್ಟಿಯನ್ನು ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿಯೊಬ್ಬರ ಹೊಸ ಪುಸ್ತಕದ ಜೊತೆಗೆ ಅಚ್ಚಾಗಲಿರುವ ಪರಿಚಯ ಬರಹಕ್ಕಾಗಿ ಸಿದ್ಧಪಡಿಸಲಾಗಿದೆ. ಪರಿಚಯವು ಮೂರು ರೂಪಗಳಲ್ಲಿದೆ: ಪುಸ್ತಕದ ಕೊನೆಯ ಪುಟದ ಸುಮಾರು 450 ಪದಗಳ ಪೂರ್ಣ ಪಾಠ, ಹಿಂಬದಿಯ ರಕ್ಷಾಪುಟದ 80 ಪದಗಳ ಸಂಕ್ಷಿಪ್ತ ಪಾಠ, ಬಿಡುಗಡೆಯ ಆಮಂತ್ರಣದ ಎರಡು ಸಾಲು. ಬರವಣಿಗೆಯ ಕೆಲಸ ಮುಗಿದಿದೆ. ಈಗ ಉಳಿದಿರುವುದು ತಪ್ಪು ಹುಡುಕುವ ಕೆಲಸ ಮಾತ್ರ, ಆದ್ದರಿಂದ ಈ ಹಂತದಲ್ಲಿ ಹೊಸ ವಾಕ್ಯಗಳನ್ನು ಸೇರಿಸಬಾರದು. ಪುಸ್ತಕದ ಬೇರೆ ಪುಟಗಳಿಗಿಂತ ಈ ಪುಟವನ್ನು ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ, ಏಕೆಂದರೆ ವಿಮರ್ಶಕರು, ಸಭೆಯ ನಿರೂಪಕರು, ಮುಂದೆ ವಿಶ್ವಕೋಶಕ್ಕೆ ನಮೂದು ಬರೆಯುವವರು ಇದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಇಲ್ಲಿ ಉಳಿದ ಒಂದು ತಪ್ಪು ಇಸವಿ ಬೇರೆಡೆ ಹತ್ತಾರು ಬಾರಿ ಮರುಮುದ್ರಣವಾಗುತ್ತದೆ.

ಆರಂಭಿಸುವ ಮುನ್ನ

☐ ಲೇಖಕಿ ಕಳಿಸಿರುವ ಸ್ವವಿವರ, ನೇಮಕಾತಿ ಮತ್ತು ನಿವೃತ್ತಿ ಆದೇಶಗಳ ಪ್ರತಿ, ಪದವಿ ಪ್ರಮಾಣಪತ್ರಗಳು, ಅವರ ಪ್ರತಿ ಪುಸ್ತಕದ ಮುದ್ರಣ ವಿವರದ ಪುಟ, ಪ್ರಶಸ್ತಿ ಪತ್ರ, ಇವು ಮೇಜಿನ ಮೇಲಿರಬೇಕು. ಜಾಲತಾಣಗಳಲ್ಲಿ ಸಿಗುವ ಅವರ ಹಳೆಯ ಪರಿಚಯಗಳನ್ನು ಆಧಾರವೆಂದು ಪರಿಗಣಿಸಬಾರದು. ಅವುಗಳಲ್ಲಿ ಹಲವು ಒಂದರಿಂದ ಒಂದು ನಕಲಾದವು, ಹಾಗಾಗಿ ಐದು ಕಡೆ ಒಂದೇ ಇಸವಿ ಕಂಡರೂ ಅದು ಐದು ಸಾಕ್ಷಿಗಳಿಗೆ ಸಮವಲ್ಲ.

☐ ಕಾಗುಣಿತವನ್ನು ತಿದ್ದುವವರೇ ಸರಿಪಡಿಸಬಹುದು. ಸಂಗತಿಯನ್ನು ಮಾತ್ರ ತಾವಾಗಿ ಬದಲಾಯಿಸಬಾರದು. ಅಂಚಿನಲ್ಲಿ ಪ್ರಶ್ನೆ ಬರೆದು, ಲೇಖಕಿಯ ಲಿಖಿತ ಉತ್ತರ ಬಂದ ನಂತರವೇ ತಿದ್ದಬೇಕು.

ದಿನಾಂಕಗಳು ಮತ್ತು ಲೆಕ್ಕ

☐ ಮೊದಲ ಓದಿನಲ್ಲಿ ಅಂಕಿಗಳನ್ನು ಮಾತ್ರ ನೋಡಬೇಕು. ಪಠ್ಯದಲ್ಲಿರುವ ಪ್ರತಿ ಇಸವಿಯನ್ನೂ ಬೇರೆ ಹಾಳೆಯಲ್ಲಿ ಕಾಲಕ್ರಮದಲ್ಲಿ ಬರೆದುಕೊಂಡರೆ, ವಾಕ್ಯಗಳ ಓಟದಲ್ಲಿ ಕಾಣದ ವಿರೋಧಗಳು ಎದ್ದು ಕಾಣುತ್ತವೆ. ನಮ್ಮ ಕರಡಿನ ಕ್ರಮ ಹೀಗಿದೆ: ಜನನ 14 ಆಗಸ್ಟ್ 1956, ಸ್ನಾತಕೋತ್ತರ ಪದವಿ 1978, ಉಪನ್ಯಾಸಕಿಯಾಗಿ ನೇಮಕ ಜುಲೈ 1979, ಪಿಎಚ್.ಡಿ. 1988, ರೀಡರ್ ಹುದ್ದೆ 1992, ಪ್ರಾಧ್ಯಾಪಕ ಹುದ್ದೆ 2001, ವಿಭಾಗದ ಮುಖ್ಯಸ್ಥೆ 2008ರಿಂದ 2011, ನಿವೃತ್ತಿ ಆಗಸ್ಟ್ 2016. ಇವುಗಳಲ್ಲಿ ಪ್ರತಿಯೊಂದರ ಎದುರಿಗೂ ಯಾವ ದಾಖಲೆಯಿಂದ ಖಚಿತವಾಯಿತೆಂದು ಬರೆಯಬೇಕು.

☐ ವಯಸ್ಸನ್ನು ಹೇಳುವ ವಾಕ್ಯಗಳನ್ನು ಜನ್ಮದಿನಾಂಕದಿಂದ ಲೆಕ್ಕ ಹಾಕಿ ನೋಡಬೇಕು. ‘23ನೇ ವಯಸ್ಸಿನಲ್ಲಿ ಉಪನ್ಯಾಸಕಿಯಾದರು’ ಎಂದು ಪೂರ್ಣ ಪಾಠದಲ್ಲಿದೆ, ‘23 ವರ್ಷ ತುಂಬಿದಾಗ’ ಎಂದು ರಕ್ಷಾಪುಟದಲ್ಲಿದೆ. 1979ರ ಜುಲೈನಲ್ಲಿ ಅವರಿಗೆ ತುಂಬಿದ್ದು 22, ನಡೆಯುತ್ತಿದ್ದದ್ದು 23. ಮೊದಲ ವಾಕ್ಯ ಉಳಿಯಬಹುದು, ಎರಡನೆಯದು ತಪ್ಪು. ಎರಡೂ ಕಡೆ ‘1979ರಲ್ಲಿ’ ಎಂದಷ್ಟೇ ಬರೆದು ವಯಸ್ಸಿನ ಮಾತನ್ನು ಕೈಬಿಡುವುದು ಒಳ್ಳೆಯದೆಂಬ ಸಲಹೆಯನ್ನು ಲೇಖಕಿಗೆ ಕಳಿಸಬೇಕು.

☐ ‘ನಾಲ್ಕು ದಶಕಗಳ ಬೋಧನೆ’ ಎಂಬ ಮಾತು ಕರಡಿನಲ್ಲಿದೆ. 1979ರ ಜುಲೈನಿಂದ 2016ರ ಆಗಸ್ಟ್‌ವರೆಗೆ 37 ವರ್ಷಗಳಾಗುತ್ತವೆ, ಅದರಲ್ಲಿ ಸಂಶೋಧನಾ ರಜೆಯ ಅವಧಿಯೂ ಸೇರಿದೆ. ‘37 ವರ್ಷಗಳ ಸೇವೆ’ ಎಂಬುದು ಅಷ್ಟೇ ಗೌರವದ ಮಾತು, ಜೊತೆಗೆ ನಿಜವಾದ ಮಾತು. ದುಂಡಗಿನ ಸಂಖ್ಯೆ ಎಲ್ಲಿ ಕಂಡರೂ ಕೂಡಿ ಕಳೆದು ನೋಡದೆ ಮುಂದೆ ಹೋಗಬಾರದು.

☐ ಪ್ರಶಸ್ತಿಗಳಿಗೆ ಎರಡು ಇಸವಿಗಳಿರುತ್ತವೆ: ಯಾವ ಸಾಲಿಗೆ ಕೊಟ್ಟದ್ದು, ಯಾವಾಗ ಪ್ರದಾನವಾದದ್ದು. ಕರಡಿನಲ್ಲಿ ‘2009ರಲ್ಲಿ ಪ್ರಶಸ್ತಿ ಸ್ವೀಕರಿಸಿದರು’ ಎಂದಿದೆ. ಪ್ರಶಸ್ತಿ ಪತ್ರದ ಪ್ರಕಾರ ಅದು 2009ನೇ ಸಾಲಿನ ಪ್ರಶಸ್ತಿ, ಪ್ರದಾನವಾದದ್ದು 2011ರ ಫೆಬ್ರುವರಿಯಲ್ಲಿ. ಕ್ರಿಯಾಪದಕ್ಕೆ ತಕ್ಕ ಇಸವಿ ಇರಬೇಕು. ಪುಸ್ತಕಗಳ ವಿಷಯದಲ್ಲಿಯೂ ಹೀಗೆಯೇ ನೋಡಬೇಕು: ಮೊದಲ ಕೃತಿಗೆ ಕರಡು 2003 ಎಂದು ಹೇಳುತ್ತದೆ, ಅದು ಎರಡನೆಯ ಮುದ್ರಣದ ವರ್ಷ. ಮೊದಲ ಮುದ್ರಣ 1994ರದು.

☐ ಅಂಕಿಗಳಲ್ಲಷ್ಟೇ ಬರೆದ ದಿನಾಂಕವನ್ನು ಬಿಡಿಸಿ ಬರೆಯಬೇಕು. 03/07/1979 ಎಂಬುದನ್ನು ಕೆಲವು ದೇಶಗಳ ಓದುಗರು ಜುಲೈ 3 ಎಂದೂ ಬೇರೆ ದೇಶಗಳವರು ಮಾರ್ಚ್ 7 ಎಂದೂ ಓದುತ್ತಾರೆ. ‘3 ಜುಲೈ 1979’ ಎಂದರೆ ಸಂದೇಹವಿಲ್ಲ. ಶಾಲಾ ದಾಖಲೆಯ ಜನ್ಮದಿನಾಂಕವೂ ನಿಜವಾದ ಜನ್ಮದಿನಾಂಕವೂ ಬೇರೆಯಾಗಿದ್ದರೆ ಯಾವುದು ಅಚ್ಚಾಗಬೇಕೆಂದು ಲೇಖಕಿಯನ್ನೇ ಕೇಳಬೇಕು, ಕೇಳಿದ ಮೇಲೆ ಅದೊಂದನ್ನೇ ಎಲ್ಲೆಡೆ ಬಳಸಬೇಕು.

☐ ‘ಪ್ರಸ್ತುತ’, ‘ಈಗ’, ‘ಇತ್ತೀಚೆಗೆ’, ‘ಕಳೆದ ವರ್ಷ’ ಎಂಬ ಪದಗಳನ್ನು ಕಡತದಲ್ಲಿ ಹುಡುಕಿ ಒಂದೊಂದನ್ನಾಗಿ ನೋಡಬೇಕು. ಪುಸ್ತಕವನ್ನು ಹತ್ತು ವರ್ಷಗಳ ನಂತರವೂ ಯಾರೋ ತೆರೆಯುತ್ತಾರೆ. ‘ಕಳೆದ ಎಂಟು ವರ್ಷಗಳಿಂದ ಬರೆಯುತ್ತಿದ್ದಾರೆ’ ಎಂಬುದರ ಬದಲು ‘ನಿವೃತ್ತಿಯ ನಂತರ 2017ರಿಂದ ಬರೆಯುತ್ತಿದ್ದಾರೆ’ ಎಂದರೆ ಮಾತು ಹಳಸುವುದಿಲ್ಲ.

ಹುದ್ದೆ, ಪದವಿ, ಪ್ರಶಸ್ತಿ

☐ ಪ್ರತಿ ಘಟನೆಯ ಹೊತ್ತಿಗೆ ಅವರಿಗಿದ್ದ ಹುದ್ದೆಯನ್ನೇ ಬಳಸಬೇಕು. 1986ರ ಕ್ಷೇತ್ರಾಧ್ಯಯನವನ್ನು ವಿವರಿಸುವ ವಾಕ್ಯದಲ್ಲಿ ಹೆಸರಿನ ಹಿಂದೆ ‘ಡಾ.’ ಬಂದಿದೆ, ಅವರನ್ನು ಪ್ರಾಧ್ಯಾಪಕಿ ಎಂದೂ ಕರೆಯಲಾಗಿದೆ. ಆಗ ಡಾಕ್ಟರೇಟ್ ಬಂದಿರಲಿಲ್ಲ, ಹುದ್ದೆ ಉಪನ್ಯಾಸಕಿಯದು.

☐ ‘ವಿಶ್ರಾಂತ ಪ್ರಾಧ್ಯಾಪಕಿ’ ಎಂಬುದನ್ನು ಹಲವರು ‘ನಿವೃತ್ತ ಪ್ರಾಧ್ಯಾಪಕಿ’ ಎಂಬ ಅರ್ಥದಲ್ಲಿ ಬರೆಯುತ್ತಾರೆ, ಇನ್ನು ಕೆಲವರು ನಿವೃತ್ತಿಯ ನಂತರ ಸಂಸ್ಥೆ ಆದೇಶದ ಮೂಲಕ ಕೊಡುವ ಸ್ಥಾನಕ್ಕೇ ಆ ಹೆಸರನ್ನು ಮೀಸಲಿಡುತ್ತಾರೆ. ಅಂಥ ಆದೇಶದ ಪ್ರತಿ ನಮ್ಮ ಕಡತದಲ್ಲಿಲ್ಲ. ಬರುವವರೆಗೆ ಮೂರೂ ಪಾಠಗಳಲ್ಲಿ ‘ನಿವೃತ್ತ’ ಎಂದೇ ಇರಬೇಕು. ಗೌರವ ಡಾಕ್ಟರೇಟ್, ಸಂಶೋಧನೆಯಿಂದ ಪಡೆದ ಡಾಕ್ಟರೇಟ್ ಇವುಗಳ ನಡುವೆಯೂ ಇಷ್ಟೇ ಸ್ಪಷ್ಟವಾದ ಗೆರೆ ಎಳೆಯಬೇಕು. ‘ಪ್ರಬಂಧ ಸಲ್ಲಿಸಿದರು’ ಎಂದರೆ ‘ಪದವಿ ಪಡೆದರು’ ಎಂದಾಗುವುದಿಲ್ಲ.

☐ ಸಂಪಾದಿಸಿದ ಕೃತಿ, ಸಹಲೇಖಕಿಯಾಗಿ ಬರೆದ ಕೃತಿ, ಸ್ವತಂತ್ರ ಕೃತಿ, ಅನುವಾದ ಇವು ಬೇರೆ ಬೇರೆಯಾಗಿಯೇ ನಿಲ್ಲಬೇಕು. ಕರಡಿನ ಮೊದಲ ಪ್ಯಾರಾ ‘ಎಂಟು ಕೃತಿಗಳನ್ನು ರಚಿಸಿದ್ದಾರೆ’ ಎನ್ನುತ್ತದೆ, ಕೊನೆಯ ಪ್ಯಾರಾದ ಪಟ್ಟಿಯಲ್ಲಿ ಏಳು ಹೆಸರುಗಳಿವೆ, ಅವುಗಳಲ್ಲೊಂದು ಇಬ್ಬರು ಸೇರಿ ಸಂಪಾದಿಸಿದ್ದು. ಜೊತೆಗೆ ಕೆಲಸ ಮಾಡಿದವರ ಪಾಲನ್ನು ಪರಿಚಯದಲ್ಲಿ ಅಳಿಸಿಹಾಕುವುದು ಅನ್ಯಾಯ. ಇಲ್ಲಿ ‘ಆರು ಕೃತಿಗಳನ್ನು ರಚಿಸಿದ್ದಾರೆ, ಒಂದನ್ನು ಸಹಸಂಪಾದಿಸಿದ್ದಾರೆ’ ಎಂದು ತಿದ್ದಲು ಲೇಖಕಿಯ ಲಿಖಿತ ಒಪ್ಪಿಗೆ ಪಡೆಯಬೇಕು.

☐ ಅಂತಿಮ ಸುತ್ತಿಗೆ ಆಯ್ಕೆಯಾದದ್ದನ್ನು ಪ್ರಶಸ್ತಿ ಎಂದು ಬರೆಯಬಾರದು. ಪ್ರಶಸ್ತಿಯ ಹೆಸರು ಪ್ರಶಸ್ತಿ ಪತ್ರದಲ್ಲಿರುವಂತೆಯೇ ಪೂರ್ತಿಯಾಗಿರಬೇಕು.

ಕಾಗುಣಿತ

☐ ವ್ಯಕ್ತಿಗಳ, ಊರುಗಳ, ಸಂಸ್ಥೆಗಳ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ದಾಖಲೆಯೊಂದಿಗೆ ಹೋಲಿಸಬೇಕು. ಹೆಸರಿನಲ್ಲಿ ನಿಘಂಟಿನ ನಿಯಮ ನಡೆಯುವುದಿಲ್ಲ: ಒಬ್ಬರು ತಮ್ಮ ಹೆಸರನ್ನು ‘ಶ’ ಬಳಸಿ ಬರೆಯುತ್ತಿದ್ದರೆ, ‘ಷ’ ಸರಿಯೆಂದು ನಮಗೆ ತೋರಿದರೂ ಅವರ ಬರಹವೇ ಅಂತಿಮ.

☐ ಪರಿಚಯ ಬರಹಗಳಲ್ಲಿ ಮತ್ತೆ ಮತ್ತೆ ತಪ್ಪಾಗುವ ಪದಗಳು ಕೆಲವಿವೆ, ಅವುಗಳನ್ನು ಒಂದೊಂದಾಗಿ ಹುಡುಕಬೇಕು. ‘ಪ್ರಾಧ್ಯಾಪಕ’, ‘ಅಧ್ಯಕ್ಷೆ’, ‘ಅಧ್ಯಯನ’, ‘ಸಂಶೋಧನೆ’, ‘ಪ್ರಬಂಧ’ ಇವುಗಳಲ್ಲಿ ಮಹಾಪ್ರಾಣವಿದೆ; ‘ಜವಾಬ್ದಾರಿ’ಯಲ್ಲಿ ಇಲ್ಲ, ‘ಉಚ್ಚ’ದಲ್ಲಿಯೂ ಇಲ್ಲ. ‘ಕೃತಿ’, ‘ಪುರಸ್ಕೃತ’, ‘ನಿವೃತ್ತಿ’ ಇವುಗಳ ಋಕಾರ ‘ಕ್ರತಿ’, ‘ಪುರಸ್ಕ್ರತ’, ‘ನಿವ್ರತ್ತಿ’ ಎಂದು ಕೆಡುವುದು ಸಾಮಾನ್ಯ. ‘ಶೈಕ್ಷಣಿಕ’ದಲ್ಲಿ ‘ಣ’ ಇರಬೇಕು. ‘ಸ್ನಾತಕೋತ್ತರ’ದ ‘ಕೋ’ಗೆ ಒತ್ತಕ್ಷರ ಬೇಡ.

☐ ಯೂನಿಕೋಡ್ ಪಠ್ಯವನ್ನು ಪುಟವಿನ್ಯಾಸಕ್ಕಾಗಿ ಹಳೆಯ ಫಾಂಟಿಗೆ ಬದಲಾಯಿಸಿದಾಗ ಒತ್ತಕ್ಷರ ಮತ್ತು ಅರ್ಕಾವತ್ತು ಸ್ಥಾನ ತಪ್ಪಬಹುದು, ‘ಇನ್‌ಸ್ಟಿಟ್ಯೂಟ್’ ಎಂಬುದು ‘ಇನ್ಸ್ಟಿಟ್ಯೂಟ್’ ಎಂದು ಅಂಟಿಕೊಳ್ಳಬಹುದು. ಆದ್ದರಿಂದ ವಿನ್ಯಾಸಗೊಂಡ ಪುಟವನ್ನು ಹೊಸ ಕರಡೆಂದೇ ಭಾವಿಸಿ ಮೊದಲಿನಿಂದ ಓದಬೇಕು. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಇಲ್ಲಿ ಸಾಲದು. ‘ಹಲವು’ ಬರಬೇಕಾದಲ್ಲಿ ‘ಕೆಲವು’ ಬಂದರೆ ಅದು ಹಿಡಿಯುವುದಿಲ್ಲ.

ಏಕರೂಪತೆ

☐ ಇನಿಷಿಯಲ್‌ಗಳ ಬಿಂದು ಮತ್ತು ಅಂತರ ಮೂರೂ ಪಾಠಗಳಲ್ಲಿ, ಮುಖಪುಟದಲ್ಲಿ, ಪುಸ್ತಕದ ಬೆನ್ನಿನ ಮೇಲೆ ಒಂದೇ ರೀತಿ ಇರಬೇಕು. ಲೇಖಕಿಯ 1983ಕ್ಕಿಂತ ಮೊದಲಿನ ಸಂಶೋಧನಾ ಲೇಖನಗಳು ಬೇರೆ ಇನಿಷಿಯಲ್‌ನೊಂದಿಗೆ ಪ್ರಕಟವಾಗಿವೆ. ಅದನ್ನು ಪೂರ್ಣ ಪಾಠದಲ್ಲಿ ಒಮ್ಮೆ ಹೇಳಿದರೆ ಸಾಕು, ಆದರೆ ಹೇಳಲೇಬೇಕು, ಇಲ್ಲವಾದರೆ ಆ ಲೇಖನಗಳನ್ನು ಹುಡುಕುವವರಿಗೆ ದಾರಿ ತಪ್ಪುತ್ತದೆ.

☐ ಗೌರವ ಬಹುವಚನ ಒಮ್ಮೆ ಆರಂಭವಾದ ಮೇಲೆ ಕೊನೆಯವರೆಗೆ ನಡೆಯಬೇಕು. ‘ಅವರು ಬರೆದಿದ್ದಾರೆ’ ಎಂಬ ವಾಕ್ಯದ ಬೆನ್ನಿಗೆ ‘ಈಕೆ ಹುಟ್ಟಿದ್ದು’ ಎಂದು ಬಂದಿರುವುದನ್ನು ತಿದ್ದಬೇಕು. ಒಂದೆಡೆ ‘ಲೇಖಕಿ’, ಇನ್ನೊಂದೆಡೆ ‘ಲೇಖಕರು’ ಎಂಬುದೂ ಬೇಡ. ಸ್ವವಿವರದಿಂದ ತೆಗೆದ ಭಾಗಗಳಲ್ಲಿ ‘ನನ್ನ’ ಎಂಬ ಪದ ಉಳಿದಿದೆಯೇ ಎಂದು ಹುಡುಕಬೇಕು. ಎರಡನೆಯ ಪ್ಯಾರಾದಲ್ಲಿ ಒಂದು ಉಳಿದಿದೆ.

☐ ಅಂಕಿಗಳು ಎಲ್ಲೆಡೆ ಒಂದೇ ಬಗೆಯವಾಗಿರಬೇಕು. 1979 ಮತ್ತು ೧೯೭೯ ಒಂದೇ ಪುಟದಲ್ಲಿ ಬರಬಾರದು. ಕೃತಿಗಳ ಹೆಸರಿಗೆ ಉದ್ಧರಣ ಚಿಹ್ನೆ ಹಾಕುವುದಾದರೆ ಎಲ್ಲ ಹೆಸರುಗಳಿಗೂ ಹಾಕಬೇಕು.

ಧಾಟಿ

☐ ವಿಶೇಷಣಗಳಿಗೆಲ್ಲ ಪೆನ್ಸಿಲಿನಿಂದ ಅಡಿಗೆರೆ ಎಳೆದು, ಪ್ರತಿಯೊಂದನ್ನೂ ತೆಗೆದು ವಾಕ್ಯವನ್ನು ಓದಬೇಕು. ‘ಅಪ್ರತಿಮ ವಿದ್ವಾಂಸೆ’, ‘ಬಹುಮುಖ ಪ್ರತಿಭೆ’, ‘ಅನನ್ಯ ಕೊಡುಗೆ’ ಎಂಬ ಮಾತುಗಳು ಯಾರ ಪರಿಚಯಕ್ಕೂ ಹೊಂದುತ್ತವೆ, ಹಾಗಾಗಿ ಇವರ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಹುಲ್ಲುಗಾವಲುಗಳಲ್ಲಿ ಗಿಡಗಳನ್ನು ಗುರುತಿಸಲು ವಿದ್ಯಾರ್ಥಿಗಳಿಗಾಗಿ ಅವರು ಕೈಪಿಡಿ ಬರೆದದ್ದು ಅದೇ ಪ್ಯಾರಾದ ಕೊನೆಯಲ್ಲಿ ಅರ್ಧ ವಾಕ್ಯದಲ್ಲಿ ಮುಗಿದಿದೆ. ಹೊಗಳಿಕೆ ತೆಗೆದ ಜಾಗದಲ್ಲಿ ಆ ಸಂಗತಿಯನ್ನು ಮೇಲಕ್ಕೆ ತರಬಹುದೆಂದು ಪ್ರಶ್ನೆಯಾಗಿ ಬರೆಯಬೇಕು. ಇರುವ ಮಾತಿನ ಸ್ಥಾನವಷ್ಟೇ ಬದಲಾಗುವುದರಿಂದ ಇದು ಹೊಸ ಬರವಣಿಗೆಯಲ್ಲ.

☐ ‘ಮನೆಗೆಲಸದ ನಡುವೆಯೂ ಸಂಶೋಧನೆ ಮುಗಿಸಿದರು’ ಎಂಬ ವಾಕ್ಯಕ್ಕೆ ನನ್ನ ಬಲವಾದ ಆಕ್ಷೇಪವಿದೆ. ಇದೇ ಮಾತನ್ನು ಪುರುಷ ಪ್ರಾಧ್ಯಾಪಕರ ಪರಿಚಯದಲ್ಲಿ ಬರೆಯುತ್ತಿದ್ದೆವೇ ಎಂದು ಕೇಳಿಕೊಂಡು, ಲೇಖಕಿ ತಾವಾಗಿ ಬಯಸದಿದ್ದರೆ ಅದನ್ನು ತೆಗೆಯಬೇಕು. ಮಕ್ಕಳ ಹೆಸರು, ಮನೆಯ ವಿಳಾಸ, ಅನಾರೋಗ್ಯದ ವಿವರಗಳಿಗೆ ಲಿಖಿತ ಒಪ್ಪಿಗೆ ಬೇಕು.

☐ ತಂದೆಯ ಮರಣವನ್ನು ಕುರಿತ ವಾಕ್ಯದಲ್ಲಿ ‘ದೈವಾಧೀನರಾದರು’ ಎಂಬುದರ ಬದಲು ‘ನಿಧನರಾದರು’ ಎಂದಿರಲಿ. ಉಳಿದ ಪಠ್ಯದ ಧಾಟಿಗೆ ಅದು ಹೊಂದುತ್ತದೆ.

ಕೊನೆಯ ಓದು

☐ ಒಬ್ಬರು ದಾಖಲೆಗಳನ್ನು ಹಿಡಿದು ಕುಳಿತಿರಬೇಕು, ಇನ್ನೊಬ್ಬರು ಪೂರ್ಣ ಪಾಠವನ್ನು ಗಟ್ಟಿಯಾಗಿ, ಅಂಕಿ ಮತ್ತು ಚಿಹ್ನೆಗಳನ್ನೂ ಸೇರಿಸಿ ಓದಬೇಕು. ನಂತರ ಸಂಕ್ಷಿಪ್ತ ಪಾಠ ಹಾಗೂ ಆಮಂತ್ರಣದ ಪ್ರತಿ ಸಂಗತಿಯನ್ನು ಪೂರ್ಣ ಪಾಠದಲ್ಲಿ ಬೆರಳಿಟ್ಟು ತೋರಿಸುವಂತಿರಬೇಕು.

☐ ಮುದ್ರಣದ ಪುಟದಲ್ಲಿ ‘ಡಾ.’ ಒಂದು ಸಾಲಿನ ಕೊನೆಗೂ ಹೆಸರು ಮುಂದಿನ ಸಾಲಿಗೂ ಹೋಗಿರಬಾರದು. ಭಾವಚಿತ್ರದ ಕೆಳಗಿನ ಹೆಸರು ಮತ್ತು ಛಾಯಾಗ್ರಾಹಕರ ಹೆಸರನ್ನು ನೋಡಬೇಕು.

☐ ತಿದ್ದುಪಡಿಗಳೆಲ್ಲ ಒಂದೇ ಪ್ರತಿಯ ಮೇಲೆ ಬರಬೇಕು, ಅದಕ್ಕೆ ತಿದ್ದಿದವರೂ ಲೇಖಕಿಯೂ ದಿನಾಂಕ ಸಹಿತ ಸಹಿ ಹಾಕಬೇಕು. ಸಹಿಯ ನಂತರ ಒಂದೇ ಅಕ್ಷರ ಬದಲಾದರೂ ಆ ಪ್ಯಾರಾವನ್ನು ಪೂರ್ತಿ ಮರು ಓದಿ, ಹೊಸದಾಗಿ ಸಹಿ ಪಡೆದು, ಹಳೆಯ ಪ್ರತಿಯ ಮೇಲೆ ‘ರದ್ದು’ ಎಂದು ಬರೆದು ಕಡತದಲ್ಲಿಡಬೇಕು.