ನೆನಪಿನ ಪ್ರಯೋಗಕ್ಕೆ ಎಷ್ಟು ಮಂದಿ ಬೇಕು? – ನಮ್ಮ ಮಾದರಿ ಗಾತ್ರದ ಯೋಜನೆ

ಅಂತಿಮ ವರ್ಷದ ಮನೋವಿಜ್ಞಾನ ಪ್ರಾಜೆಕ್ಟ್ ತಂಡಕ್ಕೆ, ಮಂಡ್ಯ

ದಸರಾ ರಜೆ ಮುಗಿದ ಮೇಲೆ ನಾವು ಮಾಡಲಿರುವ ಪ್ರಯೋಗದ ಪ್ರಶ್ನೆ ಇದು: ಪದಗಳ ಪಟ್ಟಿಯನ್ನು ಮತ್ತೆ ಮತ್ತೆ ಓದಿದರೆ ಹೆಚ್ಚು ನೆನಪಿರುತ್ತದೆಯೋ, ಅಥವಾ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರೋ? ಪ್ರತಿಯೊಬ್ಬರಿಗೂ 20 ಕನ್ನಡ ಪದಗಳ ಎರಡು ಪಟ್ಟಿ ಕೊಡುತ್ತೇವೆ. ಕುಡುಗೋಲು, ಬುಟ್ಟಿ, ಗೂಡು, ಏಣಿ, ಇಂಥ ಕಣ್ಣಿಗೆ ಕಟ್ಟುವ ಪದಗಳು. ಎರಡೂ ಪಟ್ಟಿಗಳನ್ನು ಒಮ್ಮೆ ಓದಿದ ಮೇಲೆ ಒಂದನ್ನು ಇನ್ನೂ ಮೂರು ಸಲ ಓದುತ್ತಾರೆ, ಇನ್ನೊಂದನ್ನು ಮೂರು ಸಲ ಖಾಲಿ ಹಾಳೆಯಲ್ಲಿ ನೆನಪಿನಿಂದ ಬರೆಯುತ್ತಾರೆ. ಎರಡಕ್ಕೂ ಸಮಯ ಒಂದೇ. ಎರಡು ದಿನ ಬಿಟ್ಟು ಬಂದು, ನೆನಪಾದದ್ದನ್ನೆಲ್ಲ ಬರೆಯುತ್ತಾರೆ.

ಹೋದ ವರ್ಷ ಇಂಥದ್ದೇ ಒಂದು ಪ್ರಯೋಗಕ್ಕೆ ನಾವು 20 ಜನರನ್ನು ಕೂರಿಸಿದೆವು. 20 ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. p ಮೌಲ್ಯ 0.09 ಬಂತು, "ವ್ಯತ್ಯಾಸವಿಲ್ಲ" ಎಂದು ವರದಿ ಬರೆದು ಮುಗಿಸಿದೆವು. ಅದು ತಪ್ಪು ತೀರ್ಮಾನ. ವ್ಯತ್ಯಾಸ ಇದ್ದರೂ ಅದನ್ನು ಹಿಡಿಯುವ ಶಕ್ತಿ ನಮ್ಮ ಪ್ರಯೋಗಕ್ಕೆ ಇತ್ತೇ ಎಂದು ಮೊದಲೇ ಲೆಕ್ಕ ಹಾಕಿರಲಿಲ್ಲ. ಈ ಸಲ ಒಂದು ಹಾಳೆಯೂ ಹಂಚುವ ಮುಂಚೆ ಆ ಲೆಕ್ಕ ಮುಗಿದಿರಬೇಕು.

ಪರಿಣಾಮದ ಗಾತ್ರ ಎಂದರೆ

ಅಕ್ಕಪಕ್ಕದ ಎರಡು ಕಬ್ಬಿನ ಗದ್ದೆ ನೆನೆಸಿಕೊಳ್ಳಿ. ಒಂದರಲ್ಲಿ ಜಲ್ಲೆಗಳ ಸರಾಸರಿ ಎತ್ತರ ಇನ್ನೊಂದಕ್ಕಿಂತ ಒಂದು ಅಡಿ ಹೆಚ್ಚು. ಈ ಒಂದು ಅಡಿ ದೊಡ್ಡದೋ ಚಿಕ್ಕದೋ? ಗದ್ದೆಯೊಳಗೇ ಜಲ್ಲೆ ಜಲ್ಲೆಗೆ ಎಷ್ಟು ಏರುಪೇರಿದೆ ಎಂದು ನೋಡದೆ ಹೇಳಲಾಗದು. ಪ್ರತಿ ಗದ್ದೆಯಲ್ಲೂ ಜಲ್ಲೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎರಡು ಅಡಿ ಆಚೀಚೆ ಇದ್ದರೆ, ಬದುವಿನ ಮೇಲೆ ನಿಂತವರಿಗೆ ಆ ಒಂದು ಅಡಿ ಗೊತ್ತೇ ಆಗುವುದಿಲ್ಲ. ಏರುಪೇರು ಬರೀ ಅರ್ಧ ಅಡಿಯಾದರೆ ದೂರದಿಂದಲೇ ಎದ್ದು ಕಾಣುತ್ತದೆ. ವ್ಯತ್ಯಾಸವನ್ನು ಏರುಪೇರಿನಿಂದ ಭಾಗಿಸಿ: ಮೊದಲನೆಯದಕ್ಕೆ 0.5, ಎರಡನೆಯದಕ್ಕೆ 2. ಈ ಭಾಗಲಬ್ಧವೇ ಪರಿಣಾಮದ ಗಾತ್ರ, `d`. ಆ ಏರುಪೇರಿನ ಅಳತೆಯೇ ನೀವು ಓದಿರುವ ಪ್ರಮಾಣಿತ ವಿಚಲನೆ.

ಮನೋವಿಜ್ಞಾನಿ ಜೇಕಬ್ ಕೋಹೆನ್ 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಎಂದು ಅಂದಾಜಿನ ಗೆರೆ ಎಳೆದರು. ಬೇರೆ ಯಾವ ಮಾಹಿತಿಯೂ ಇಲ್ಲದಾಗ ಮಾತ್ರ ಅವುಗಳ ಮೊರೆ ಹೋಗಬೇಕು. ನಮ್ಮ ಪದಗಳು ನಮ್ಮ ಕಣ್ಣೆದುರೇ ಇರುವಾಗ "ಮಧ್ಯಮ ಪರಿಣಾಮ ಎಂದುಕೊಂಡೆವು" ಎಂಬ ವಾಕ್ಯವನ್ನು ವರದಿಯಲ್ಲಿ ನಾನು ಒಪ್ಪುವುದಿಲ್ಲ.

ನಮ್ಮ ಸಂಖ್ಯೆ ಎಲ್ಲಿಂದ ಬಂತು

20ರಲ್ಲಿ ಎಷ್ಟು ಪದ ಹೆಚ್ಚು ನೆನಪಾದರೆ "ಇದು ಮಕ್ಕಳಿಗೆ ಹೇಳಿಕೊಡಲು ತಕ್ಕದ್ದು" ಅನ್ನುತ್ತೀರಿ ಎಂದು ನಿಮ್ಮನ್ನೇ ಕೇಳಿದ್ದೆ. ಚರ್ಚೆಯಾಗಿ ಎರಡು ಪದಕ್ಕೆ ಬಂದು ನಿಂತಿರಿ. ಆಗಸ್ಟ್‌ನಲ್ಲಿ 10 ಮಂದಿಯ ಮೇಲೆ ಮಾಡಿದ ಪೂರ್ವಪರೀಕ್ಷೆಯಲ್ಲಿ ಅಂಕಗಳ ಪ್ರಮಾಣಿತ ವಿಚಲನೆ ಸುಮಾರು 4 ಪದ. 2 ಭಾಗ 4, ಅಂದರೆ 0.5. ನೆನಪಿಸಿಕೊಳ್ಳುವ ಅಭ್ಯಾಸದ ಬಗ್ಗೆ ಆಗಿರುವ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲೂ ಸರಾಸರಿ ಪರಿಣಾಮ ಸುಮಾರು 0.5 ಇತ್ತು. ಹಾಗಾಗಿ ನಾವು ಹುಡುಕುತ್ತಿರುವುದು ಸಿಗಲಾರದ ವಸ್ತುವಲ್ಲ.

ಪೂರ್ವಪರೀಕ್ಷೆಯಲ್ಲಿ ಎರಡು ಪಟ್ಟಿಗಳ ನಡುವೆ 3.1 ಪದಗಳ ವ್ಯತ್ಯಾಸ ಬಂದಿತ್ತು. ಅದನ್ನೇ ಏಕೆ ಬಳಸಬಾರದು ಎಂದು ನಿಮ್ಮಲ್ಲಿ ಒಬ್ಬರು ಕೇಳಿದಿರಿ, ಒಳ್ಳೆಯ ಪ್ರಶ್ನೆ. 10 ಜನರಿಂದ ಬಂದ 3.1ರ 95% ವಿಶ್ವಾಸಾಂತರ ಸುಮಾರು 0.2ರಿಂದ 6.0 ಪದಗಳವರೆಗೆ ಹರಡಿದೆ. ಅಷ್ಟು ಅಲುಗಾಡುವ ಸಂಖ್ಯೆಯ ಮೇಲೆ ಯೋಜನೆ ಕಟ್ಟಿದರೆ ಬೇಕಾದ್ದಕ್ಕಿಂತ ತೀರಾ ಕಡಿಮೆ ಜನರನ್ನು ಕರೆದುಬಿಡುತ್ತೇವೆ.

ಮತ್ತೆ ಓದುವವರು, ನೆನಪಿನಿಂದ ಬರೆಯುವವರು ಬೇರೆ ಬೇರೆ ಗುಂಪಿನಲ್ಲಿದ್ದರೆ `d = 0.5` ಹಿಡಿಯಲು ಗುಂಪಿಗೆ 64, ಒಟ್ಟು 128 ಮಂದಿ ಬೇಕು. ಅಷ್ಟು ಜನ ನಮಗೆ ಸಿಗುವುದಿಲ್ಲ. ಒಬ್ಬರೇ ಎರಡೂ ವಿಧಾನ ಮಾಡುವಾಗ ಅವರವರ ಜಾಣ್ಮೆ, ನಿದ್ದೆ, ಓದಿನ ರೂಢಿ ಎರಡೂ ಪಟ್ಟಿಗೆ ಸಮನಾಗಿ ಅಂಟಿಕೊಂಡು, ಕಳೆದಾಗ ಹೊರಟುಹೋಗುತ್ತವೆ. ಇಲ್ಲಿ ಭಾಗಿಸಬೇಕಾದ್ದು ವ್ಯತ್ಯಾಸಗಳ ವಿಚಲನೆಯಿಂದ. ಒಬ್ಬರ ಎರಡು ಅಂಕಗಳ ಸಹಸಂಬಂಧ 0.5 ಇದ್ದರೆ ಅದೂ 4 ಪದವೇ ಆಗುತ್ತದೆ.

```r
power.t.test(delta = 2, sd = 4, sig.level = 0.05,
             power = 0.80, type = "paired")
```

ಉತ್ತರ `n = 33.4`, ಅಂದರೆ 34 ಮಂದಿ. ಇಲ್ಲಿನ 0.80 ಎಂಬುದೇ ಪವರ್: ಎರಡು ಪದಗಳ ವ್ಯತ್ಯಾಸ ನಿಜಕ್ಕೂ ಇದ್ದು, ಇದೇ ಪ್ರಯೋಗವನ್ನು 100 ಸಲ ಮಾಡಿದರೆ ಸುಮಾರು 80 ಸಲ ಅದು ನಮ್ಮ ಬಲೆಗೆ ಬೀಳುತ್ತದೆ, 20 ಸಲ ತಪ್ಪಿಸಿಕೊಳ್ಳುತ್ತದೆ. 0.05 ಬೇರೆಯದೇ ತಪ್ಪಿಗೆ ಸಂಬಂಧಿಸಿದ್ದು, ವ್ಯತ್ಯಾಸವೇ ಇಲ್ಲದಾಗ "ಇದೆ" ಎಂದು ಕೂಗುವ ತಪ್ಪಿಗೆ. ಹೋದ ವರ್ಷದ 20 ಜನರಿಗೆ ಇದೇ ಲೆಕ್ಕ ಹಾಕಿದರೆ ಪವರ್ ಸುಮಾರು 0.56. ಅಷ್ಟೇ ಅಲ್ಲ, 20 ಜನರಲ್ಲಿ ಸರಾಸರಿ ವ್ಯತ್ಯಾಸ 1.9 ಪದದ ಹತ್ತಿರವಾದರೂ ಬರದೆ ಫಲಿತಾಂಶ ಸಿಗ್ನಿಫಿಕೆಂಟ್ ಆಗುವುದೇ ಇಲ್ಲ. ಸಣ್ಣ ಪ್ರಯೋಗಗಳಲ್ಲಿ ಗೆದ್ದು ಬಂದ ಸಂಖ್ಯೆಗಳು ಉಬ್ಬಿರುವುದು ಇದೇ ಕಾರಣಕ್ಕೆ. ಚಿಕ್ಕ ಸಂಖ್ಯೆಗಳು ಜರಡಿಯ ಮೇಲೆ ಉಳಿಯಲೇ ಇಲ್ಲ.

34ಕ್ಕೆ ನಿಲ್ಲಿಸಲು ನನಗೆ ಧೈರ್ಯವಿಲ್ಲ. ಸಹಸಂಬಂಧ 0.5 ಎಂಬುದು ನಮ್ಮ ಊಹೆ. ಅದು 0.3 ಆಗಿಬಿಟ್ಟರೆ ವ್ಯತ್ಯಾಸಗಳ ವಿಚಲನೆ 4.73ಕ್ಕೆ ಏರುತ್ತದೆ, ಪರಿಣಾಮ 0.42ಕ್ಕೆ ಇಳಿಯುತ್ತದೆ, ಬೇಕಾದ ಸಂಖ್ಯೆ 46 ಆಗುತ್ತದೆ. ಈ ಕೆಟ್ಟ ಸಂದರ್ಭಕ್ಕೇ ಸಿದ್ಧರಾಗೋಣ. ವಿಶ್ಲೇಷಣೆಗೆ ಕನಿಷ್ಠ 46 ಮಂದಿಯ ಪೂರ್ಣ ದತ್ತಾಂಶ ಬೇಕು.

ಎಷ್ಟು ಜನರನ್ನು ಕರೆಯುವುದು

ಎರಡನೇ ದಿನಕ್ಕೆ ಎಲ್ಲರೂ ಬರುವುದಿಲ್ಲ. ಮಳವಳ್ಳಿ, ಮದ್ದೂರು, ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬರುವವರೇ ಹೆಚ್ಚು. ಮನೆಯಲ್ಲಿ ಕಟಾವು ಇದ್ದರೆ, ಊರಲ್ಲಿ ಹಬ್ಬವಿದ್ದರೆ ಬಿಟ್ಟು ಬನ್ನಿ ಎಂದು ಹೇಳಲಾಗದು. ಎಂಟರಲ್ಲಿ ಒಬ್ಬರು ತಪ್ಪಿಹೋಗುತ್ತಾರೆ ಎಂದು ಹಿಡಿದರೆ 53 ಮಂದಿ ಬೇಕು. ಯಾವ ಪಟ್ಟಿಗೆ ಯಾವ ವಿಧಾನ, ಯಾವ ವಿಧಾನ ಮೊದಲು ಎಂಬುದನ್ನು ಅದಲುಬದಲು ಮಾಡಿದಾಗ ನಾಲ್ಕು ಜೋಡಣೆಗಳಾಗುತ್ತವೆ. ಅದಕ್ಕೆ ಸಮನಾಗಿ ಹಂಚಲು 56ಕ್ಕೆ ಏರಿಸಿದ್ದೇವೆ, ಜೋಡಣೆಗೆ 14.

ಅಂದಾಜಿನಂತೆ 49 ಮಂದಿ ಉಳಿದರೆ, `d = 0.5` ಇರುವಾಗ ಪವರ್ ಸುಮಾರು 0.93, 0.42 ಇರುವಾಗ ಸುಮಾರು 0.83. ವ್ಯತ್ಯಾಸ ಇನ್ನೂ ಸಣ್ಣದು, ಒಂದೇ ಪದವಾದರೆ? ಅದನ್ನು ಈ ಪ್ರಯೋಗ ನೆಚ್ಚಿಕೆಯಿಂದ ಹಿಡಿಯಲಾರದು. ವರದಿಯಲ್ಲಿ ಇದನ್ನು ನೇರವಾಗಿ ಬರೆಯುತ್ತೇವೆ.

ಮಂಗಳವಾರ ಮೊದಲ ಸರದಿ, ಗುರುವಾರ ಎರಡನೆಯದು, ಎರಡೂ ಬೆಳಿಗ್ಗೆ 11ಕ್ಕೆ. ಹಾಳೆ ಎಣಿಸುವವರಿಗೆ ಯಾರು ಯಾವ ಜೋಡಣೆಯಲ್ಲಿದ್ದರು ಎಂದು ತಿಳಿದಿರಬಾರದು. ಎರಡರಲ್ಲಿ ಒಂದು ಸರದಿಗಾದರೂ ಬಾರದವರನ್ನು ಮಾತ್ರ ಕೈಬಿಡುತ್ತೇವೆ. ಅಂಕ ಕಡಿಮೆ ಬಂತೆಂದು ಯಾರನ್ನೂ ಕೈಬಿಡುವುದಿಲ್ಲ.

ನಡುವೆ p ಮೌಲ್ಯ ನೋಡುವಂತಿಲ್ಲ. "ಇಷ್ಟರಲ್ಲೇ ಬಂತಲ್ಲ, ನಿಲ್ಲಿಸೋಣ" ಎಂದು ಐದು ಸಲ ಇಣುಕಿದರೆ ಸುಳ್ಳು ಕೂಗಿನ ಸಾಧ್ಯತೆ 5% ಉಳಿಯುವುದಿಲ್ಲ, ಸುಮಾರು 14%ಕ್ಕೆ ಏರುತ್ತದೆ. ದತ್ತಾಂಶ ಪೂರ್ತಿಯಾಗುವವರೆಗೆ ಫೈಲಿನ ಪಾಸ್‌ವರ್ಡ್ ನನ್ನ ಹತ್ತಿರ ಇರುತ್ತದೆ.

ಗುರುವಾರ ಸಂಜೆ 46ಕ್ಕಿಂತ ಕಡಿಮೆ ಹಾಳೆಗಳಿದ್ದರೆ, ಅವುಗಳನ್ನು ತೆರೆಯದೆ, ಮುಂದಿನ ವಾರ ಅದೇ ಮಂಗಳವಾರ–ಗುರುವಾರದ ಕ್ರಮದಲ್ಲಿ ಇನ್ನೊಂದು ತಂಡವನ್ನು ಕರೆಯುತ್ತೇವೆ. ಆಮೇಲೂ ಸಂಖ್ಯೆ ತುಂಬದಿದ್ದರೆ ಸಿಕ್ಕಷ್ಟರಲ್ಲೇ ವಿಶ್ಲೇಷಣೆ ಮಾಡಿ, ವ್ಯತ್ಯಾಸವನ್ನು ವಿಶ್ವಾಸಾಂತರದೊಂದಿಗೆ ಪದಗಳ ಲೆಕ್ಕದಲ್ಲೇ ಕೊಟ್ಟು, ಸಂಖ್ಯೆ ಯೋಜಿಸಿದ್ದಕ್ಕಿಂತ ಎಷ್ಟು ಕಡಿಮೆಯಾಯಿತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯುತ್ತೇವೆ.