ಅಪ್ಪನ ಅರವತ್ತು: ಒಂಬತ್ತು ಫೋಟೋಗೆ ಕ್ಯಾಪ್ಶನ್

ತಮ್ಮಾ, ಒಂಬತ್ತು ಫೋಟೋಗೂ ಬರೆದು ಮುಗಿಸಿದ್ದೀನಿ. ನಾಳೆ ಗುರುವಾರದಿಂದ ದಿನಕ್ಕೊಂದು ಹಾಕುತ್ತಾ ಬಾ, ಮುಂದಿನ ಶುಕ್ರವಾರ ಶಾಂತಿ ದಿನಕ್ಕೆ ಸರಿಯಾಗಿ ಒಂಬತ್ತನೆಯದು ಬರುತ್ತೆ. ಮೊದಲು ನಗು ಇರಲಿ. ಮೊದಲ ದಿನವೇ ಕಣ್ಣಲ್ಲಿ ನೀರು ತರಿಸಿದರೆ ಸೋದರತ್ತೆ ಎರಡನೇ ದಿನದಿಂದ ಫೋನೇ ತೆಗೆಯಲ್ಲ. ಕೆಲವಕ್ಕೆ ಎರಡೆರಡು ಬರೆದಿದ್ದೀನಿ, ನಿನಗೆ ಹಿಡಿಸಿದ್ದು ಹಾಕು. ಅಪ್ಪನಿಗೆ ಬಹುವಚನ ಹಾಕಿಲ್ಲ, ಹಾಕಿ ನೋಡಿದೆ, ಬೇರೆ ಯಾರದೋ ಅಪ್ಪನ ಥರ ಕಾಣಿಸ್ತು.

ಗುರುವಾರ. ಸ್ಟುಡಿಯೋ ಫೋಟೋ

1966, ಸಾಗರದ ಸ್ಟುಡಿಯೋ. ಮೈಮೇಲೆ ಒಂದು ಉಡಿದಾರ, ಕೆನ್ನೆ ಮೇಲೆ ಒಂದು ದೃಷ್ಟಿಬೊಟ್ಟು, ಮುಖದಲ್ಲಿ ಮಾತ್ರ ಪೋಸ್ಟ್ ಮಾಸ್ಟರ್ ಗತ್ತು. ಫೋಟೋದವರು ನಗಿಸೋಕೆ ಗಿಲಕಿ ಅಲ್ಲಾಡಿಸಿ ಅಲ್ಲಾಡಿಸಿ ಸೋತರಂತೆ. ಅಪ್ಪ ಅವತ್ತೂ ನಗಲಿಲ್ಲ, ಆಧಾರ್ ಕಾರ್ಡಿನ ಫೋಟೋಗೂ ನಗಲಿಲ್ಲ.

ಇಲ್ಲಾಂದ್ರೆ ಚಿಕ್ಕದು ಇದು: ಅಪ್ಪ ಬಟ್ಟೆಗೆ ಇಸ್ತ್ರಿ ಹಾಕದೆ ಕ್ಯಾಮೆರಾ ಮುಂದೆ ಕೂತಿದ್ದು ಇದೊಂದೇ ಸಲ.

(ನನಗೆ ಎರಡನೆಯದೇ ಇಷ್ಟ. ಆದರೆ ಅಮ್ಮ 'ಬರೀ ಮೈಯಿನ ಫೋಟೋ ಹಾಕಬೇಡ್ರೋ' ಅಂತ ಬೆಳಿಗ್ಗೆಯಿಂದ ಹೇಳ್ತಿದ್ದಾಳೆ. ಹಾಕು.)

ಶುಕ್ರವಾರ. ಶಾಲೆಯ ಗ್ರೂಪ್ ಫೋಟೋ

ಹಿಂದಿನ ಸಾಲಲ್ಲಿ ಎಡದಿಂದ ಮೂರನೆಯವನು, ಚಡ್ಡಿಗೆ ಒಂದೇ ಗುಂಡಿ ಇರೋನು, ನಮ್ಮಪ್ಪ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿದ ತಾರೀಖು ಕೇಳಿದರು. ಅಜ್ಜಿ ವಿವರವಾಗಿ ಹೇಳಿದಳು: ಗಣಪತಿ ಹಬ್ಬ ಕಳೆದು ವಾರದ ಮೇಲಾಗಿತ್ತು, ಮಳೆ ಇನ್ನೂ ಬಿಟ್ಟಿರಲಿಲ್ಲ, ಮೇಲಿನ ಮನೆ ರೇಡಿಯೋದಲ್ಲಿ ಲಾಹೋರ್ ಲಾಹೋರ್ ಅಂತ ಯುದ್ಧದ ಸುದ್ದಿ ಬರ್ತಿತ್ತು, ಕೆಂಪಿ ಹಸು ಕರು ಹಾಕಿ ಮೂರು ದಿನ ಆಗಿತ್ತು. ಮೇಷ್ಟ್ರು ಎಲ್ಲಾ ತಾಳ್ಮೆಯಿಂದ ಕೇಳಿ, ತಲೆಯಾಡಿಸಿ, ಬರೆದುಕೊಂಡರು: 1-6-1965. ಈ ಫೋಟೋದಲ್ಲಿರುವ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಹಾಗಾಗಿ ಕಾಗದದ ಪ್ರಕಾರ ಅಪ್ಪನಿಗೆ ಮೂರು ತಿಂಗಳ ಹಿಂದೆಯೇ ಅರವತ್ತಾಯ್ತು, ಕೆಂಪಿ ಹಸುವಿನ ಪ್ರಕಾರ ಈಗ.

(ಇದು ಉದ್ದ ಆಯ್ತು, ಗೊತ್ತು. ಕತ್ತರಿಸಬೇಡ. ಇದನ್ನು ಓದದಿದ್ದರೆ ಜೂನ್‌ನಲ್ಲೇ ವಿಶ್ ಮಾಡಿದವರೆಲ್ಲಾ 'ಇನ್ನೊಂದು ಸಲ ಯಾಕೆ' ಅಂತ ಕೇಳ್ತಾರೆ.)

ಶನಿವಾರ. ಬೆಲ್ ಬಾಟಮ್

ಅರವತ್ತಕ್ಕೆ ಅರಳು ಮರಳು ಅಂತಾರೆ. ನಮ್ಮಪ್ಪನಿಗೆ ಹದಿನೆಂಟಕ್ಕೇ ಶುರುವಾಗಿತ್ತು, ಸಾಕ್ಷಿಗೆ ಪ್ಯಾಂಟ್ ನೋಡಿ.

ಇನ್ನೊಂದು: ಈ ಪ್ಯಾಂಟ್ ಹಾಕಿಕೊಂಡು ಅಪ್ಪ ಜೋಗದ ಸೇತುವೆ ಮೇಲೆ ನಡೆದರೆ ರಸ್ತೆ ತಾನಾಗಿ ಗುಡಿಸಿಕೊಳ್ಳುತ್ತಿತ್ತು. ಕಾಲರ್ ಬಗ್ಗೆ ನಾವೇನೂ ಹೇಳಲ್ಲ, ಮನೆಯ ಮರ್ಯಾದೆ ಪ್ರಶ್ನೆ.

ಭಾನುವಾರ. ಮದುವೆ ಫೋಟೋ

1990. ಬಾಸಿಂಗ ಕಟ್ಟಿಸಿಕೊಂಡು ಮುಖ ಊದಿಸಿ ಕೂತವನು ವರ. ಸಿಟ್ಟು ಅಮ್ಮನ ಮೇಲಲ್ಲ. ಛತ್ರದ ಬಾಗಿಲಲ್ಲಿ ಯಾರೋ ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದರು, ಅಪ್ಪ ಇವತ್ತಿಗೂ ಆ ಚಪ್ಪಲಿಯ ನಂಬರ್ ಹೇಳ್ತಾನೆ (ಎಂಟು). ಅಮ್ಮನ ಹುಟ್ಟುಹಬ್ಬದ ತಾರೀಖು ಮಾತ್ರ ಪ್ರತಿ ವರ್ಷ ನಾವು ನೆನಪಿಸಬೇಕು. ಶುಕ್ರವಾರ ಅದೇ ವಧುವಿಗೆ ಇನ್ನೊಂದು ಸಲ ತಾಳಿ ಕಟ್ಟಲಿದ್ದಾನೆ. ಬರುವವರು ದಯವಿಟ್ಟು ನಿಮ್ಮ ನಿಮ್ಮ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ.

(ಇಲ್ಲಿಗೆ ತಮಾಷೆ ಸಾಕು. ನಾಳೆಯದರಿಂದ ಸ್ವಲ್ಪ ಸ್ವಲ್ಪ ಇಳಿಸಿದ್ದೀನಿ. ನೀನು ಮಧ್ಯೆ ನಗುವ ಇಮೋಜಿ ತುರುಕಬೇಡ.)

ಸೋಮವಾರ, ಸೆಪ್ಟೆಂಬರ್ 1. ಸೈಕಲ್ ಜೊತೆ ಖಾಕಿ ಬಟ್ಟೆಯಲ್ಲಿ

ಇದನ್ನು ಸೋಮವಾರವೇ ಹಾಕು, ಹಿಂದೆ ಮುಂದೆ ಆಗೋದು ಬೇಡ.

ಮುಂದಿನ ಬಾರ್ ಮೇಲೆ ನಾನು, ಹಿಂದೆ ಕ್ಯಾರಿಯರ್ ಮೇಲೆ ತಮ್ಮ, ಹ್ಯಾಂಡಲ್‌ಗೆ ನೇತುಹಾಕಿದ ಚೀಲದಲ್ಲಿ ಇಡೀ ಊರು. ಭಾನುವಾರ ಬಿಟ್ಟು ದಿನಾ ಇದೇ ದಾರಿ. ರಿಜಿಸ್ಟರ್ ಪೋಸ್ಟ್ ಇದ್ದ ದಿನ ಅಪ್ಪ ಜೇಬಲ್ಲಿ ಎರಡು ಪೆನ್ನು ಇಟ್ಟುಕೊಳ್ಳುತ್ತಿದ್ದ, ಸಹಿ ಹಾಕೋಕೆ ಕೊಟ್ಟ ಒಂದು ಪೆನ್ನು ವಾಪಸ್ ಬರಲ್ಲ ಅಂತ ಅವನಿಗೆ ಗೊತ್ತಿತ್ತು. ಇವತ್ತಿನಿಂದ ರಿಜಿಸ್ಟರ್ ಪೋಸ್ಟ್ ಅನ್ನೋದು ಬೇರೆ ಇಲ್ಲ, ಸ್ಪೀಡ್ ಪೋಸ್ಟ್ ಒಳಗೆ ಸೇರಿಹೋಗಿದೆ. ಸುದ್ದಿ ಓದಿ ಅಪ್ಪ ಏನೂ ಅನ್ನಲಿಲ್ಲ. 'ನಾನು ಹೋಗೋತನಕ ಕಾದಿದ್ದರು' ಅಂದ ಅಷ್ಟೇ.

(ಅಪ್ಪ ಇದನ್ನು ನಗ್ತಾ ಹೇಳಿದ್ದಾ ಅಲ್ವಾ ಅಂತ ನನಗೂ ಗೊತ್ತಾಗಲಿಲ್ಲ, ಅದಕ್ಕೇ ಹಾಗೇ ಬಿಟ್ಟಿದ್ದೀನಿ.)

ಮಂಗಳವಾರ. ಹೆಬ್ಬೆಟ್ಟಿನ ಫೋಟೋ

ಅಪ್ಪನ ಕೈ ಕಾಣ್ತಿದೆ, ಮುಖ ಇಲ್ಲ. ಜಗಲಿ ಮೇಲೆ ಕೂತ ಅಜ್ಜಿಯ ಹೆಬ್ಬೆಟ್ಟು ಹಿಡಿದು ಮಸಿ ಡಬ್ಬಿಗೆ ಒತ್ತಿ ಮನಿಯಾರ್ಡರ್ ಫಾರಂ ಮೇಲೆ ಇಡುತ್ತಿದ್ದಾನೆ. ಆಮೇಲೆ ದುಡ್ಡು ಎರಡು ಸಲ ಎಣಿಸಿ ಕೊಡೋದು. ಒಂದು ಸಲ ಲೆಕ್ಕಕ್ಕೆ, ಇನ್ನೊಂದು ಸಲ ಅಜ್ಜಿಗೆ ಕೇಳಿಸಲಿ ಅಂತ. ಫಾರಂನ ಕೆಳಗೆ ಎರಡು ಸಾಲು ಬರೆಯೋಕೆ ಜಾಗ ಇರುತ್ತಿತ್ತು. ಬೆಂಗಳೂರಿನ ಮಗ ಅಲ್ಲಿ ಏನೂ ಬರೆದಿರದ ತಿಂಗಳು ಅಪ್ಪ ಆ ಖಾಲಿ ಜಾಗ ನೋಡಿಕೊಂಡೇ 'ಚೆನ್ನಾಗಿದ್ದೀನಿ ಅಂತ ಬರೆದಿದ್ದಾನೆ, ಔಷಧಿ ತಗೋ ಅಂತ ಹೇಳಿದ್ದಾನೆ' ಅಂತ ಓದಿಬಿಡುತ್ತಿದ್ದ. ನನಗೆ ಆಗ ಹತ್ತು ವರ್ಷ, ಓದೋಕೆ ಬರ್ತಿತ್ತು, ಬಾರ್ ಮೇಲೆ ಕೂತು ನೋಡ್ತಿದ್ದೆ. ದಾರಿಯಲ್ಲಿ ಕೇಳಿದ್ದಕ್ಕೆ ಅಪ್ಪ ಬೆಲ್ ಹೊಡೆದ.

(ಆ ಮನೆಯವರು ಈಗ ಯಾರೂ ಊರಲ್ಲಿಲ್ಲ, ಆದರೂ ಅಜ್ಜಿಯ ಹೆಸರು ಬೇಡ.)

ಬುಧವಾರ. ಮಳೆಯಲ್ಲಿ ಸೈಕಲ್

ಇದಕ್ಕೆ ಮೂರು ಸಲ ಬರೆದು ಹೊಡೆದು ಹಾಕಿದೆ. ಕಡೆಗೆ ಉಳಿದದ್ದು ಇದು.

ಅಡಿಕೆ ತೋಟದ ದಣಪೆಗೆ ಒರಗಿಸಿದ ಸೈಕಲ್, ಮಳೆ, ಅಪ್ಪ ಫೋಟೋದಲ್ಲಿಲ್ಲ, ಒಳಗೆ ಹೋಗಿದ್ದಾನೆ. ಚೀಲಕ್ಕೆ ಗೊಬ್ಬರದ ಪ್ಲಾಸ್ಟಿಕ್ ಸುತ್ತಿದೆ, ಅಪ್ಪನ ರೇನ್‌ಕೋಟ್ ಕೂಡ ಆ ಚೀಲದ ಮೇಲೇ ಇದೆ. ಕಾಗದ ಒಣಗಿರಬೇಕು, ಮನುಷ್ಯ ನೆನೆದರೆ ಒಣಗುತ್ತಾನೆ ಅನ್ನೋದು ಅವನ ಲೆಕ್ಕ. ಅಪ್ಪನ ಬೆಲ್ ದೂರದಿಂದಲೇ ಗೊತ್ತಾಗ್ತಿತ್ತು, ಮಕ್ಕಳು ಬೇಲಿವರೆಗೆ ಓಡಿ ಬರೋರು. ಟೆಲಿಗ್ರಾಂ ತರೋ ದಿನ ಮಾತ್ರ ಬೆಲ್ ಹೊಡೀತಿರಲಿಲ್ಲ. ನಮ್ಮ ಕಡೆ ಟೆಲಿಗ್ರಾಂ ಅಂದರೆ ಹೆಚ್ಚಾಗಿ ಸಾವಿನ ಸುದ್ದಿ. ದಣಪೆ ಹತ್ತಿರವೇ ಇಳಿದು, ಸೈಕಲ್ ಒರಗಿಸಿ, ನಡೆದು ಹೋಗ್ತಿದ್ದ. ಬೆಲ್ ಇಲ್ಲದೆ ಅಪ್ಪ ನಡೆದು ಬಂದನೆಂದರೆ ಮನೆಯ ಹೆಂಗಸರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರಂತೆ. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತುಹೋದಾಗ ಎಲ್ಲರೂ ಅಯ್ಯೋ ಅಂದರು. ನಮ್ಮ ಮನೆಯಲ್ಲಿ ಒಬ್ಬರಿಗೆ ಅವತ್ತು ಸಮಾಧಾನ ಆಯ್ತು.

ಗುರುವಾರ. ಬೀಳ್ಕೊಡುಗೆ

ಮೇ 31, ಶನಿವಾರ. ಒಂದನೇ ತಾರೀಖಿಗೆ ಹುಟ್ಟಿದವರು ಹಿಂದಿನ ದಿನವೇ ರಿಟೈರ್ ಆಗಬೇಕು, ಮೇಷ್ಟ್ರು ಕೊಟ್ಟ ತಾರೀಖಿನ ಕೃಪೆ. ಹೂವಿನ ಹಾರ, ಶಾಲು, ಹಣ್ಣಿನ ಬುಟ್ಟಿ, 1988ರಿಂದ ಲೆಕ್ಕ ಹಾಕಿದರೆ ಮೂವತ್ತೇಳು ವರ್ಷ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಅಂಗಳದಲ್ಲಿ ಬೈಕ್ ನಿಂತಿತು. ಹೊಸದಾಗಿ ಬಂದ ಹುಡುಗ, ಒಂದೇ ಹೆಸರಿನ ಮೂವರು ಇದ್ದಾರೆ, ಕಾಗದ ಯಾರಿಗೆ ಅಂತ ಕೇಳೋಕೆ ಬಂದಿದ್ದ. ಅಪ್ಪ ಕ್ಯಾಲೆಂಡರ್ ಹಾಳೆ ಹರಿದು ಹಿಂದೆ ನಕ್ಷೆ ಬರೆದುಕೊಟ್ಟ. ಅದರಲ್ಲಿ ಮನೆ ನಂಬರ್ ಒಂದೂ ಇರಲಿಲ್ಲ. ಕಚ್ಚುವ ನಾಯಿ, ಬೊಗಳುವ ನಾಯಿ, ಸಂಕ ಕೊಚ್ಚಿಹೋದ ಹಳ್ಳ, ಜೋರಾಗಿ ಕೂಗಿದರೆ ಮಾತ್ರ ಕೇಳುವ ಅಜ್ಜ, ಮಧ್ಯಾಹ್ನ ಹೋದರೆ ಊಟಕ್ಕೆ ಕೂರಿಸದೆ ಬಿಡದ ಮನೆ. ಹುಡುಗ ಮಡಚಿ ಜೇಬಲ್ಲಿಟ್ಟುಕೊಂಡ. ಅಪ್ಪ ಆವತ್ತು ಎರಡು ಸಲ ಕಾಫಿ ಕೇಳಿದ.

ಇದಕ್ಕೆ ಚಿಕ್ಕದು ಬೇಕಿದ್ದರೆ: ಹಾರ ಶನಿವಾರವೇ ಬಾಡಿತು. ನಕ್ಷೆ ಇನ್ನೂ ಹುಡುಗನ ಜೇಬಲ್ಲಿದೆ.

(ಚಿಕ್ಕದು ಸ್ಟೇಟಸ್‌ಗೆ ಹಾಕು, ಉದ್ದದ್ದು ಫೋಟೋಗೆ.)

ಶುಕ್ರವಾರ, ಶಾಂತಿ ದಿನ. ಪೋಸ್ಟ್ ಕಾರ್ಡ್ ಹಿಡಿದ ಅಪ್ಪ

ಶಾಂತಿಯ ಫೋಟೋ ಅವತ್ತು ಹಾಕಬೇಡ, ಅದನ್ನು ಎಲ್ಲರೂ ಹಾಕ್ತಾರೆ, ಹೋಮದ ಹೊಗೆಯಲ್ಲಿ ಕಣ್ಣುಜ್ಜುವ ಅಪ್ಪ ನಾಲ್ಕು ಜನರ ಸ್ಟೇಟಸ್‌ನಲ್ಲಿ ಬಂದೇ ಬರ್ತಾನೆ. ನಿನ್ನೆ ಅಮ್ಮ ಅಡುಗೆಮನೆ ಕಿಟಕಿಯಿಂದ ಕದ್ದು ತೆಗೆದದ್ದು ಇದೆಯಲ್ಲ, ಸ್ವಲ್ಪ ಅಲ್ಲಾಡಿದೆ, ಪರವಾಗಿಲ್ಲ, ಅದು.

ಅಪ್ಪ ಹುಟ್ಟಿದ ವರ್ಷ ವಿಶ್ವಾವಸು ಸಂವತ್ಸರ. ಅರವತ್ತು ಹೆಸರು ಒಂದು ಸುತ್ತು ಮುಗಿಸಿ ಈ ಯುಗಾದಿಗೆ ಮತ್ತೆ ವಿಶ್ವಾವಸು ಬಂತು. ಇವತ್ತು ಅದೇ ಭಾದ್ರಪದ, ಅದೇ ತ್ರಯೋದಶಿ. ಊರಿಗೆಲ್ಲಾ ಕಾಗದ ಕೊಟ್ಟವನ ಹೆಸರಿಗೆ ಬರುತ್ತಿದ್ದದ್ದು ಮದುವೆ ಕರೆಯೋಲೆ ಮತ್ತು ಇನ್ಶೂರೆನ್ಸ್ ನೋಟಿಸು ಮಾತ್ರ, ಅದನ್ನೂ ಆಫೀಸಿನಲ್ಲಿ ತಾನೇ ವಿಂಗಡಿಸಿ, ತಾನೇ ಚೀಲಕ್ಕೆ ಹಾಕಿ, ತಾನೇ ಮನೆಗೆ ತಂದು ಅಮ್ಮನ ಕೈಗೆ ಕೊಡುತ್ತಿದ್ದ. ಅದಕ್ಕೆ ಅರವತ್ತು ಜನರಿಗೆ ಅರವತ್ತು ಪೋಸ್ಟ್ ಕಾರ್ಡ್ ಹಂಚಿದೆವು, ಐವತ್ತು ಪೈಸೆಯಂತೆ ಒಟ್ಟು ಮೂವತ್ತು ರೂಪಾಯಿ. ಅಪ್ಪನಿಗೆ ಬರೆಯಿರಿ ಅಂದೆವು, ಏನು ಬರೆಯಬೇಕು ಅಂತ ಹೇಳಲಿಲ್ಲ. ಮೊದಲ ಮೂರು ಬಂದಾಗ ಅಪ್ಪ ಅಂಗಳದಲ್ಲಿ ಅಡಿಕೆ ಹಾಳೆ ಎತ್ತುತ್ತಿದ್ದ. ಕೈ ಪಂಚೆಗೆ ಒರೆಸಿಕೊಂಡು ತೆಗೆದುಕೊಂಡ. ಬರೆದದ್ದನ್ನು ಓದಲಿಲ್ಲ, ಮೊದಲು ಮೊಹರು ನೋಡಿದ, ಬಿಸಿಲಿಗೆ ಹಿಡಿದು ತಾರೀಖು ನೋಡಿದ. 'ಮೂರನೇ ದಿನಕ್ಕೆ ಬಂದಿದೆ, ಪರವಾಗಿಲ್ಲ' ಅಂತ ಹುಡುಗನಿಗೆ ಹೇಳಿದ. ಆಮೇಲೆ ಕನ್ನಡಕ ಹುಡುಕಿಕೊಂಡು ಒಳಗೆ ಹೋದ.

ಇಷ್ಟೇ. ಒಂಬತ್ತನೆಯದಕ್ಕೆ ಯಾರನ್ನೂ ಟ್ಯಾಗ್ ಮಾಡಬೇಡ, ಹ್ಯಾಶ್‌ಟ್ಯಾಗೂ ಬೇಡ. ಕಾರ್ಡ್ ಲೆಕ್ಕ ಅಮ್ಮ ಇಟ್ಟಿದ್ದಾಳೆ, ನಿನ್ನದು ಇನ್ನೂ ಬಂದಿಲ್ಲ. ಹಬ್ಬದ ರಜೆ ಮುಗಿದ ಕೂಡಲೇ ಡಬ್ಬಿಗೆ ಹಾಕು, ಲೇಟಾದರೆ ಅಪ್ಪ ಮೊಹರು ನೋಡಿ ಹಿಡಿದುಬಿಡ್ತಾನೆ.