ಅನ್ನ ಬಿಡದೆ ಊಟ: ನಿಮ್ಮ ದಿನದ ಪಟ್ಟಿ

ವಯಸ್ಸು 58, ತೀರ್ಥಹಳ್ಳಿ. ಟೈಪ್ 2 ಡಯಾಬಿಟೀಸ್, ಎಚ್‌ಬಿಎ1ಸಿ 8.1. ಬೆಳಿಗ್ಗೆ ಗ್ಲಿಮೆಪಿರೈಡ್, ಎರಡು ಹೊತ್ತು ಊಟದ ಜೊತೆ ಮೆಟ್‌ಫಾರ್ಮಿನ್. ಕಿಡ್ನಿ ಸರಿಯಾಗಿದೆ.

ಅಮ್ಮಾ, ಅನ್ನ ಬಿಡಿ ಅಂತ ನಾನು ಹೇಳುತ್ತಿಲ್ಲ. ಅಳತೆ ಇರಲಿ ಅಷ್ಟೆ. 150 ಮಿಲಿ ಹಿಡಿಯುವ ಒಂದು ಸ್ಟೀಲ್ ಬಟ್ಟಲನ್ನು ಇದಕ್ಕೇ ಅಂತ ಇಟ್ಟುಕೊಳ್ಳಿ. ಅದರ ತುಂಬ ಅನ್ನ ಅಂದರೆ ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟ್.

ಬೆಳಿಗ್ಗೆ 8: ಎರಡು ಇಡ್ಲಿ, ಇಲ್ಲವೇ ಎರಡು ತೆಳು ದೋಸೆ. ಜೊತೆಗೆ ಒಂದು ಬಟ್ಟಲು ಗಟ್ಟಿ ಸಾಂಬಾರ್ ಅಥವಾ ಮೊಳಕೆ ಹೆಸರುಕಾಳು. ಕಾಯಿ ಚಟ್ನಿ ಇರಲಿ, ಆದರೆ ಅದೊಂದೇ ಸಾಲದು. ದೋಸೆಗೆ ಜೋನಿ ಬೆಲ್ಲ ಬೇಡ. ಶುಗರ್ ಏರಿಸುವುದರಲ್ಲಿ ಬೆಲ್ಲವೂ ಸಕ್ಕರೆಯ ತಮ್ಮನೇ. ಕಾಫಿಗೂ ಸಕ್ಕರೆ ಹಾಕಬೇಡಿ.

11 ಗಂಟೆಗೆ: ನೀರು ಮಜ್ಜಿಗೆ, ಅಥವಾ ಒಂದು ಸಣ್ಣ ಸೀಬೆಹಣ್ಣು.

ಮಧ್ಯಾಹ್ನ 1.30: ನೀವು ಹೇಳಿದ ಊಟದಲ್ಲಿ ತೊಂದರೆ ಇರುವುದು ಇಲ್ಲೇ. ಸಾರಿಗೆ ಒಂದು ಸಲ, ಹುಳಿಗೆ ಒಂದು ಸಲ, ಕೊನೆಗೆ ಮಜ್ಜಿಗೆಗೆ ಅಂತ ಮೂರು ಸಲ ಅನ್ನ ಬೀಳುತ್ತದೆ. ಪ್ರತಿ ಸಲವೂ ‘ಸ್ವಲ್ಪ’ವೇ, ಅಲ್ವಾ? ಇನ್ನು ಮೇಲೆ ಒಂದೂವರೆ ಬಟ್ಟಲು ಅನ್ನವನ್ನು ಮೊದಲೇ ಬಡಿಸಿಕೊಂಡು ಪಾತ್ರೆ ಮುಚ್ಚಿಬಿಡಿ. ಅದರಲ್ಲೇ ಸಾರಿಗೂ ಹುಳಿಗೂ ಪಾಲು ಮಾಡಿ. ಮಜ್ಜಿಗೆಯನ್ನು ಲೋಟದಲ್ಲಿ ಕುಡಿಯಿರಿ.

ಅರ್ಧ ತಟ್ಟೆ ಪಲ್ಯ, ಕೋಸಂಬರಿ ಇರಬೇಕು. ಆಲೂಗಡ್ಡೆ ಪಲ್ಯ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಅನ್ನದ ಗುಂಪು. ತಿಳಿಸಾರಿನಲ್ಲಿ ಬೇಳೆ ಹೆಸರಿಗಷ್ಟೇ ಇರುತ್ತದೆ. ಹಾಗಾಗಿ ಒಂದು ಬಟ್ಟಲು ಕಾಳಿನ ಹುಳಿ ಅಥವಾ ಗಟ್ಟಿ ತೊವ್ವೆ ಬೇಕೇ ಬೇಕು. ಪಲ್ಯ, ಕಾಳು ಮೊದಲು ತಿನ್ನಿ, ಅನ್ನ ಆಮೇಲೆ. ಹೀಗೆ ತಿಂದರೆ ಶುಗರ್ ಒಮ್ಮೆಲೇ ಜಿಗಿಯುವುದು ಕಮ್ಮಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲೇ ನಡೆಯಿರಿ.

ಸಂಜೆ 5: ಒಂದು ಹಿಡಿ ಹುರಿದ ಕಡಲೆಕಾಯಿ. ಅವಲಕ್ಕಿ, ಮಂಡಕ್ಕಿ ಬೇಡ, ಅವೂ ಅಕ್ಕಿಯೇ.

ರಾತ್ರಿ 8: ಒಂದು ಬಟ್ಟಲು ಅನ್ನ, ಅಥವಾ ಒಂದು ಸಣ್ಣ ಅಕ್ಕಿರೊಟ್ಟಿ. ಪಲ್ಯ, ಕಾಳು ಮಧ್ಯಾಹ್ನದಷ್ಟೇ. ತಿನ್ನುವವರಾದರೆ ಕಾಳಿನ ಬದಲು ಮೊಟ್ಟೆ ಅಥವಾ ಮೀನು ಸಾರು. ಗಂಜಿ ಹಗುರ ಅನ್ನುತ್ತಾರೆ, ಆದರೆ ಅಕ್ಕಿ ಮೆತ್ತಗೆ ಬೆಂದಷ್ಟೂ ಶುಗರ್ ಬೇಗ ಏರುತ್ತದೆ. ರಾಗಿಮುದ್ದೆ, ಕೆಂಪಕ್ಕಿ ಅನ್ನ ಇಷ್ಟವಾದರೆ ಮಾಡಿಕೊಳ್ಳಿ. ಅದು ಬಿಳಿ ಅನ್ನದ ಬದಲಿಗೆ, ಅನ್ನದ ಜೊತೆಗಲ್ಲ.

ವಾರಕ್ಕೆ ಎರಡು ದಿನ, ಮಧ್ಯಾಹ್ನ ಊಟ ಶುರು ಮಾಡಿ ಎರಡು ಗಂಟೆಗೆ ಶುಗರ್ ನೋಡಿ ಬರೆದಿಡಿ. 180ರ ಒಳಗಿರಬೇಕು. ಮತ್ತೆ ಮತ್ತೆ ದಾಟಿದರೆ ಮಧ್ಯಾಹ್ನದ ಅನ್ನದಲ್ಲಿ ಅರ್ಧ ಬಟ್ಟಲು ಇಳಿಸಿ, ನನಗೆ ಫೋನ್ ಮಾಡಿ.

ಗ್ಲಿಮೆಪಿರೈಡ್ ನುಂಗಿದ ದಿನ ಊಟ ತಪ್ಪಿಸಲೇಬಾರದು. ನಡುಕ, ಬೆವರು ಬಂದರೆ ಅಥವಾ ಶುಗರ್ 70ಕ್ಕಿಂತ ಕೆಳಗಿಳಿದರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಏಕಾದಶಿ ಉಪವಾಸ ಮಾಡುವುದಿದ್ದರೆ ಆ ದಿನದ ಮಾತ್ರೆ ಏನು ಮಾಡಬೇಕು ಅಂತ ಡಾಕ್ಟರನ್ನು ಮುಂಚೆಯೇ ಕೇಳಿಕೊಳ್ಳಿ.